ಸುಮಂತನಿಗೆ, ಒಂದು ಲಕ್ಷದ ಲೆಕ್ಕ

ದಾವಣಗೆರೆ
ಭಾನುವಾರ

ಪ್ರೀತಿಯ ಸುಮಂತ,

ನೀನು ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ. ತಿಂಗಳಲ್ಲಿ ಇಪ್ಪತ್ತು ಟ್ರೇಡ್, ಹದಿನಾಲ್ಕು ಗೆಲುವು, ಆರು ಸೋಲು, ಕೊನೆಗೆ ಹಸಿರು ಅಕ್ಷರದಲ್ಲಿ 2,400 ರೂಪಾಯಿ. "ಚಿಕ್ಕಮ್ಮಾ, ಹೀಗೇ ದಿನಾ ಕೊಂಡು ದಿನಾ ಮಾರ್ಲಾ, ವಾರ ಹದಿನೈದು ದಿನ ಇಟ್ಕೊಂಡು ಮಾರ್ಲಾ, ಇಲ್ಲಾ ವರ್ಷಗಟ್ಲೆ ಹಾಗೇ ಬಿಟ್ಬಿಡ್ಲಾ?" ಅಂತ ಕೇಳಿದ್ದೀಯ. ಬ್ರೋಕರ್ ಕಚೇರಿಯಲ್ಲಿ ಡೀಲರ್ ಆಗಿ ಕೂತು ಊರಿನವರ ಆರ್ಡರ್ ಹಾಕುತ್ತಿದ್ದ ಕಾಲದಿಂದಲೂ ಈ ಪ್ರಶ್ನೆ ಕೇಳಿಸಿಕೊಳ್ಳುತ್ತಿದ್ದೇನೆ. ಫೋನಿನಲ್ಲಿ ಅಂಕಿ ಹೇಳಿದರೆ ನಿಲ್ಲುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ 2,400ರ ವಿಷಯ. ಆ್ಯಪ್‌ನ ಪೊಸಿಷನ್ ಪುಟ ತೋರಿಸುವುದು ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸ ಮಾತ್ರ. ಖರ್ಚು ಅಲ್ಲಿ ಸೇರಿರುವುದಿಲ್ಲ. ಅದು ನಿನ್ನ ಇಮೇಲ್‌ಗೆ ಬರುವ ಕಾಂಟ್ರ್ಯಾಕ್ಟ್ ನೋಟ್‌ನಲ್ಲಿರುತ್ತದೆ. ಆ ಫೈಲ್ ತೆರೆಯಲು ಪ್ಯಾನ್ ನಂಬರನ್ನು ಪಾಸ್‌ವರ್ಡ್ ಆಗಿ ಕೊಡಬೇಕು ಅನ್ನುವುದಕ್ಕೇ ಬೇಸತ್ತು ಅರ್ಧ ಜನ ಅದನ್ನು ನೋಡುವುದೇ ಇಲ್ಲ. ನೀನು ಪ್ರತಿ ಸಲ ಒಂದು ಲಕ್ಷಕ್ಕೆ ಕೊಂಡು ಅದೇ ದಿನ ಮಾರಿದ್ದೀಯ. ಒಂದು ಸುತ್ತಿಗೆ ಎಷ್ಟಾಯಿತು ನೋಡು. ಕೊಳ್ಳುವಾಗ 20, ಮಾರುವಾಗ 20 ಬ್ರೋಕರೇಜ್. ಮಾರಿದ ಮೊತ್ತದ ಮೇಲೆ ಶೇ 0.025 ಎಸ್‌ಟಿಟಿ, ಅಂದರೆ 25 ರೂಪಾಯಿ. ಕೊಂಡಿದ್ದಕ್ಕೆ 3 ರೂಪಾಯಿ ಸ್ಟ್ಯಾಂಪ್ ಡ್ಯೂಟಿ. ಎಕ್ಸ್‌ಚೇಂಜ್ ಶುಲ್ಕ ಎರಡೂ ಕಡೆ ಸೇರಿ ಸುಮಾರು 6. ಬ್ರೋಕರೇಜ್ ಮತ್ತು ಈ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ, ಸುಮಾರು 8. ಒಟ್ಟು 82 ರೂಪಾಯಿ.

ಒಂದು ಲಕ್ಷಕ್ಕೆ 82 ರೂಪಾಯಿ ಯಾವ ಲೆಕ್ಕ ಅನ್ನಿಸುತ್ತದೆ. ಆದರೆ ಇಪ್ಪತ್ತು ಸುತ್ತಿಗೆ 1,640 ಆಯಿತು. ನಿನಗೆ ಉಳಿದದ್ದು 760. ವರ್ಷದಲ್ಲಿ 240 ದಿನ, ದಿನಕ್ಕೊಂದೇ ಟ್ರೇಡ್ ಮಾಡಿದರೂ ಖರ್ಚು 19,700 ರೂಪಾಯಿಯ ಹತ್ತಿರ ಬರುತ್ತದೆ. ಅಂದರೆ ನಿನ್ನ ಬಂಡವಾಳ ವರ್ಷಕ್ಕೆ ಸುಮಾರು ಶೇ 20 ದುಡಿದರೆ ಆಗ ನೀನು ಸೊನ್ನೆಯಲ್ಲಿರುತ್ತೀಯ.

ಇನ್ನೊಂದು ಕಡೆಯಿಂದ ನೋಡು. ನಿನ್ನ ಟ್ರೇಡ್‌ಗಳಲ್ಲಿ ಗೆದ್ದರೆ 300, ಸೋತರೆ 300. ಹಾಗಿರುವಾಗ ನೂರರಲ್ಲಿ ಐವತ್ತು ಗೆದ್ದರೆ ಸರಿಸಮ ಆಗಬೇಕಿತ್ತು. ಖರ್ಚು ಸೇರಿಸಿದ ಮೇಲೆ ಗೆದ್ದಾಗ ಕೈಗೆ ಬರುವುದು 218, ಸೋತಾಗ ಹೋಗುವುದು 382. ಈಗ ಸರಿಸಮವಾಗಲು ನೂರಕ್ಕೆ ಅರವತ್ನಾಲ್ಕು ಗೆಲ್ಲಬೇಕು. ನೀನು ಈ ತಿಂಗಳು ಗೆದ್ದದ್ದು ನೂರಕ್ಕೆ ಎಪ್ಪತ್ತರ ಲೆಕ್ಕದಲ್ಲಿ, ಅದಕ್ಕೇ ಸ್ವಲ್ಪ ಉಳಿಯಿತು. ಮುಂದಿನ ತಿಂಗಳು ಇಪ್ಪತ್ತರಲ್ಲಿ ಹನ್ನೆರಡು ಗೆದ್ದೆ ಅಂದುಕೋ. ಆ್ಯಪ್ ಹಸಿರಿನಲ್ಲಿ 1,200 ತೋರಿಸುತ್ತದೆ, ನಿನ್ನ ಖಾತೆಯಲ್ಲಿ ಮಾತ್ರ 440 ಕಮ್ಮಿಯಾಗಿರುತ್ತದೆ. ಒಳ್ಳೆಯ ತಿಂಗಳು ಅಂದುಕೊಂಡೇ ದುಡ್ಡು ಕಳೆದುಕೊಂಡವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಸೆಬಿ ಜುಲೈ 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2022-23ರಲ್ಲಿ ಷೇರುಗಳಲ್ಲಿ ದಿನದ ವಹಿವಾಟು ಮಾಡಿದ ಹತ್ತು ಜನರಲ್ಲಿ ಏಳು ಜನ ನಷ್ಟದಲ್ಲಿದ್ದರು. ನಷ್ಟ ಮಾಡಿಕೊಂಡವರು ಆ ನಷ್ಟದ ಮೇಲೆ ಅದರ ಶೇ 57ರಷ್ಟನ್ನು ಮತ್ತೆ ಖರ್ಚಿನ ರೂಪದಲ್ಲಿ ಕಟ್ಟಿದ್ದರು. ವರ್ಷಕ್ಕೆ ಐನೂರಕ್ಕಿಂತ ಹೆಚ್ಚು ಟ್ರೇಡ್ ಮಾಡಿದವರಲ್ಲಿ ನಷ್ಟದವರು ಶೇ 80. ಹೆಚ್ಚು ಮಾಡಿದರೆ ಕೈ ಪಳಗುತ್ತದೆ ಅನ್ನುವ ನಂಬಿಕೆಗೆ ಈ ಅಂಕಿ ಆಸರೆ ಕೊಡುವುದಿಲ್ಲ.

ಒಂದು ಲಕ್ಷವಿದ್ದರೆ ಆ್ಯಪ್ ಐದು ಲಕ್ಷದವರೆಗೆ ಕೊಳ್ಳಲು ಬಿಡುತ್ತದೆ ಅಂತ ನೀನೇ ಬರೆದಿದ್ದೀಯ. ನಿಯಮದಲ್ಲಿ ಅದು ಸರಿ, ಕನಿಷ್ಠ ಶೇ 20 ಮಾರ್ಜಿನ್ ಇಟ್ಟರೆ ಸಾಕು. ಆದರೆ ಎಸ್‌ಟಿಟಿ, ಸ್ಟ್ಯಾಂಪ್, ಎಕ್ಸ್‌ಚೇಂಜ್ ಶುಲ್ಕ ಎಲ್ಲ ಐದು ಲಕ್ಷದ ಮೇಲೆ ಬೀಳುತ್ತವೆ. ಒಂದು ಸುತ್ತಿಗೆ ಸುಮಾರು 223 ರೂಪಾಯಿ, 240 ದಿನಕ್ಕೆ 53 ಸಾವಿರ ದಾಟುತ್ತದೆ. ನಿನ್ನ ಸ್ವಂತ ದುಡ್ಡು ಒಂದು ಲಕ್ಷವೇ ಅನ್ನುವುದನ್ನು ನೆನಪಿಡು. ಷೇರು ಶೇ 2 ಇಳಿದರೆ ಅದರಲ್ಲಿ 10,000 ಹೋಯಿತು.

ಸಮಯದ ಮಾತಿಗೆ ಬರೋಣ. ಮಾರುಕಟ್ಟೆ 9:15ಕ್ಕೆ ತೆರೆಯುತ್ತದೆ, 3:30ಕ್ಕೆ ಮುಚ್ಚುತ್ತದೆ. ಬೆಲೆ ಜೋರಾಗಿ ಓಡಾಡುವುದು ಮೊದಲ ಮುಕ್ಕಾಲು ಗಂಟೆ ಮತ್ತು ಕೊನೆಯ ಒಂದು ಗಂಟೆ. ನಿನ್ನ ಆಫೀಸಿನ ಮೀಟಿಂಗ್ ಹತ್ತಕ್ಕೆ, ಕ್ಲೈಂಟ್ ಕಾಲ್ ಎರಡೂವರೆಗೆ. ನೀನು ಮಾರುವುದನ್ನು ಮರೆತರೆ 3:20ರ ಸುಮಾರಿಗೆ ಬ್ರೋಕರ್ ತಾನೇ ಸ್ಕ್ವೇರ್ ಆಫ್ ಮಾಡುತ್ತಾನೆ, ಅದಕ್ಕೆ ಬೇರೆ ಶುಲ್ಕ ಹಾಕುತ್ತಾನೆ. ಮೀಟಿಂಗ್ ಮೇಜಿನ ಕೆಳಗೆ ಫೋನ್ ಹಿಡಿದು ದಿನದ ವಹಿವಾಟು ಮಾಡುವವನಿಗೆ ಎರಡೂ ಕೆಲಸ ದಕ್ಕುವುದಿಲ್ಲ.

ಇನ್ನು ಸ್ವಿಂಗ್. ಕೆಲವು ದಿನದಿಂದ ಕೆಲವು ವಾರ ಹಿಡಿದಿಟ್ಟು ಮಾರುವುದು. ಇಲ್ಲಿ ಒಂದು ಸುತ್ತಿನ ಖರ್ಚು ದಿನದ ವಹಿವಾಟಿಗಿಂತ ಮೂರು ಪಟ್ಟು ಹೆಚ್ಚು! ಡೆಲಿವರಿ ತೆಗೆದುಕೊಂಡರೆ ಎಸ್‌ಟಿಟಿ ಕೊಳ್ಳುವಾಗಲೂ ಮಾರುವಾಗಲೂ ಶೇ 0.1. ಒಂದು ಲಕ್ಷಕ್ಕೆ ಅದೇ 200 ರೂಪಾಯಿ ಆಗುತ್ತದೆ. ಸ್ಟ್ಯಾಂಪ್ 15. ಡಿಮ್ಯಾಟ್‌ನಿಂದ ಷೇರು ಹೊರಹೋಗುವಾಗ ಡಿಪಿ ಚಾರ್ಜ್ ಅಂತ ಹದಿನೈದಿಪ್ಪತ್ತು. ಬ್ರೋಕರೇಜ್ ಹಿಡಿದರೆ ಒಟ್ಟು 285ರ ಸುಮಾರು. ಆದರೆ ತಿಂಗಳಿಗೆ ಎರಡು ಸಲ ಮಾತ್ರ ಮಾಡಿದರೆ ವರ್ಷಕ್ಕೆ 7,000ದ ಒಳಗೆ ಮುಗಿಯುತ್ತದೆ. ಗುರಿಯೂ ದೊಡ್ಡದು. ಶೇ 4 ಸೋಲಿಗೆ, ಶೇ 8 ಗೆಲುವಿಗೆ ಸಿದ್ಧವಿದ್ದರೆ ನೂರಕ್ಕೆ ಮೂವತ್ತಾರು ಗೆದ್ದರೂ ಸರಿಸಮ. ಖರ್ಚೇ ಇಲ್ಲದಿದ್ದರೆ ಮೂವತ್ನಾಲ್ಕು ಬೇಕಿತ್ತು. ಖರ್ಚಿನ ಭಾರ ಇಲ್ಲಿ ಅಷ್ಟೇ. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಚಾರ್ಟ್ ನೋಡಿ ಮರುದಿನಕ್ಕೆ ಆರ್ಡರ್ ಹಾಕಿಟ್ಟರೆ ಆಫೀಸಿನಲ್ಲಿ ಫೋನ್ ಮುಟ್ಟಬೇಕಾಗಿಲ್ಲ.

ಸ್ವಿಂಗ್‌ನಲ್ಲಿ ಅಪಾಯ ಇರುವುದು ರಾತ್ರಿಯಲ್ಲಿ. 2025ರ ಏಪ್ರಿಲ್ 4, ಶುಕ್ರವಾರ ನಿಫ್ಟಿ 22,900ರ ಆಸುಪಾಸಿನಲ್ಲಿ ಮುಗಿಯಿತು. ಅಮೆರಿಕದ ಸುಂಕದ ಗಲಾಟೆಯಿಂದ ಸೋಮವಾರ ಬೆಳಿಗ್ಗೆ ತೆರೆದದ್ದೇ ಸಾವಿರಕ್ಕೂ ಹೆಚ್ಚು ಅಂಶ ಕೆಳಗೆ. ನಡುವಿನ ಬೆಲೆಗಳಲ್ಲಿ ಯಾರಿಗೂ ಏನೂ ಮಾರಲು ಆಗಲೇ ಇಲ್ಲ. ನೀನು 500ಕ್ಕೆ ಕೊಂಡ ಷೇರಿಗೆ 480 ಮುಟ್ಟಿದರೆ 479ಕ್ಕೆ ಮಾರು ಅಂತ ಜಿಟಿಟಿ ಹಾಕಿದ್ದೀಯ ಅಂದುಕೋ. ಷೇರು ನೇರ 465ಕ್ಕೆ ತೆರೆದರೆ ಟ್ರಿಗರ್ ಆಗುತ್ತದೆ, ಆದರೆ 479 ಕೊಡುವವರು ಇಲ್ಲದೆ ಆರ್ಡರ್ ಹಾಗೇ ಬಾಕಿ ನಿಲ್ಲುತ್ತದೆ. ನೀನು ಬಚಾವಾದೆ ಅಂದುಕೊಂಡು ಮೀಟಿಂಗ್‌ನಲ್ಲಿರುತ್ತೀಯ. ಹಾಗಾಗಿ ಮಾರುವ ಬೆಲೆಯನ್ನು ಟ್ರಿಗರ್‌ಗಿಂತ ಸಾಕಷ್ಟು ಕೆಳಗಿಡು, ಒಂದೇ ಷೇರಿಗೆ ಪೂರ್ತಿ ಲಕ್ಷ ಸುರಿಯಬೇಡ. ಷೇರು ಇನ್ನೂ ಕೈಯಲ್ಲಿದೆ ಅಂತ ರಾತ್ರಿ ನಿದ್ದೆ ಬಾರದವನಿಗೆ ಸ್ವಿಂಗ್ ಒಗ್ಗುವುದಿಲ್ಲ.

ವರ್ಷಗಟ್ಟಲೆ ಇಡುವುದರ ಖರ್ಚು ಹೇಳಲು ಹೆಚ್ಚೇನಿಲ್ಲ. ಅದೇ 285 ರೂಪಾಯಿ, ಆದರೆ ಹತ್ತು ವರ್ಷಕ್ಕೊಮ್ಮೆ. ತೆರಿಗೆಯೂ ಆ ಕಡೆಗೇ ವಾಲಿದೆ. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟು ಮಾರಿದರೆ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆಯಿಲ್ಲ, ಅದರ ಮೇಲಕ್ಕೆ ಶೇ 12.5. ಅದಕ್ಕಿಂತ ಮೊದಲು ಮಾರಿದರೆ ಶೇ 20. ದಿನದ ವಹಿವಾಟಿನ ಲಾಭವನ್ನು ಸ್ಪೆಕ್ಯುಲೇಷನ್ ವ್ಯಾಪಾರದ ಆದಾಯ ಅಂತ ಸಂಬಳದ ಜೊತೆ ಸೇರಿಸುತ್ತಾರೆ. ನಿನ್ನದು ಶೇ 30ರ ಸ್ಲ್ಯಾಬ್, ಆ 760ರಲ್ಲೂ ಮೂರನೇ ಒಂದು ಪಾಲಿನ ಹತ್ತಿರ ಅಲ್ಲಿಗೆ ಹೋಯಿತು. ದಿನದ ವಹಿವಾಟಿನಲ್ಲಿ ಸೋತರೆ ಆ ನಷ್ಟವನ್ನು ಡೆಲಿವರಿಯ ಲಾಭದಿಂದ ಕಳೆಯಲು ಬಿಡುವುದೂ ಇಲ್ಲ. ರಿಟರ್ನ್ ಕೂಡ ಐಟಿಆರ್-3ರಲ್ಲಿ ಸಲ್ಲಿಸಬೇಕು, ಅದಕ್ಕೆ ಆಡಿಟರಿಗೆ ಕೊಡುವ ಫೀಸನ್ನೂ ಲೆಕ್ಕಕ್ಕೆ ಹಿಡಿ.

ಖರ್ಚು ಕಮ್ಮಿ ಅಂದಮಾತ್ರಕ್ಕೆ ದೀರ್ಘಾವಧಿ ಸುಲಭ ಅನ್ನಬೇಡ. ಜನವರಿ 2008ರಲ್ಲಿ ಸೆನ್ಸೆಕ್ಸ್ 21,000 ಮುಟ್ಟಿತ್ತು, ಮಾರ್ಚ್ 2009ರಲ್ಲಿ 8,000 ಚಿಲ್ಲರೆ. 2010ರ ಕೊನೆಯಲ್ಲಿ ಮತ್ತೆ 21,000 ಮುಟ್ಟಿ ಜಾರಿತು. ಮತ್ತೆ ಅಲ್ಲಿಗೆ ಬಂದದ್ದು 2013ರ ಕೊನೆಗೆ. ಆ ಐದಾರು ವರ್ಷ ಪ್ರತಿ ತಿಂಗಳು ದುಡ್ಡು ಹಾಕುತ್ತಾ ಹೋದವರು ಕಮ್ಮಿ ಬೆಲೆಗೆ ಹೆಚ್ಚು ಯೂನಿಟ್ ಕೊಂಡರು. ಆದರೆ ನಮ್ಮ ಕಚೇರಿಯ ಕೌಂಟರಿಗೆ ಬಂದು ಎಲ್ಲ ಮಾರಿಬಿಡಿ ಅಂದವರೇ ಜಾಸ್ತಿ. ಈ ದಾರಿಗೆ ಬೇಕಾದ ಧೈರ್ಯ ಏನೂ ಮಾಡದೆ ಕೂರುವ ಧೈರ್ಯ. ದಿನದ ವಹಿವಾಟಿಗೆ ಬೇಕಾದದ್ದು ಎರಡು ನಿಮಿಷದಲ್ಲಿ ತಪ್ಪಾಯಿತು ಅಂತ ಒಪ್ಪಿ ಹೊರಬರುವ ಸ್ವಭಾವ. ಎರಡೂ ಒಬ್ಬನಲ್ಲೇ ಇರುವುದು ಅಪರೂಪ.

ಒಂದೇ ಕಂಪನಿಯನ್ನು ನಂಬಿ ಕೂರುವುದು ಬೇರೆಯೇ ಕಥೆ. ಆಗಸ್ಟ್ 2018ರಲ್ಲಿ ಯೆಸ್ ಬ್ಯಾಂಕ್ ಷೇರು 400 ರೂಪಾಯಿಯ ಹತ್ತಿರವಿತ್ತು. ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದ ಮರುದಿನ, ಮಾರ್ಚ್ 6, 2020ರಂದು, ದಿನದ ನಡುವೆ ಆರು ರೂಪಾಯಿಗಿಂತ ಕೆಳಗೆ ಇಳಿದಿತ್ತು. ಅಂಥ ಷೇರನ್ನು ತಾಳ್ಮೆ ಉಳಿಸುವುದಿಲ್ಲ. ಅದಕ್ಕೇ ಕಂಪನಿಗಳ ಬ್ಯಾಲೆನ್ಸ್ ಶೀಟ್ ಓದಲು ಪುರಸೊತ್ತಿಲ್ಲದ ನಿನ್ನಂಥವರಿಗೆ ನಾನು ಇಂಡೆಕ್ಸ್ ಫಂಡ್ ಹೇಳುವುದು.

ಮೂರನ್ನೂ ಕೆಡಿಸುವ ಒಂದು ಅಭ್ಯಾಸವಿದೆ, ಅದು ನಿನ್ನಲ್ಲಿ ಶುರುವಾಗಿರುವ ಗುಮಾನಿ ನನಗೆ. ಬೆಳಿಗ್ಗೆ ದಿನದ ವಹಿವಾಟಿಗೆ ಅಂತ ಕೊಂಡ ಷೇರು ಇಳಿಯುತ್ತದೆ. ಮಾರಲು ಮನಸ್ಸು ಬರದೆ ಮೂರು ಗಂಟೆಗೆ ಅದನ್ನು ಡೆಲಿವರಿಗೆ ಬದಲಾಯಿಸಿ, ನಾಲ್ಕು ದಿನ ನೋಡೋಣ ಅಂದುಕೊಳ್ಳುವುದು. ಇನ್ನೂ ಇಳಿದ ಮೇಲೆ, ಒಳ್ಳೆ ಕಂಪನಿ, ಇರಲಿ ಬಿಡು ಅನ್ನುವುದು. ಗೆದ್ದದ್ದನ್ನೆಲ್ಲ 300 ರೂಪಾಯಿಗೆ ಮಾರಿ, ಸೋತದ್ದನ್ನೆಲ್ಲ ವರ್ಷಗಟ್ಟಲೆ ಸಾಕಿದ ಖಾತೆಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಇವತ್ತೇ ಹೋಲ್ಡಿಂಗ್ಸ್ ಪುಟ ತೆಗೆದು, ಅಲ್ಲಿರುವ ಯಾವ ಷೇರನ್ನು ಇಟ್ಟುಕೊಳ್ಳಲೆಂದೇ ಕೊಂಡೆ, ಯಾವುದು ಹೀಗೆ ಸೇರಿಕೊಂಡಿತು ಅಂತ ಗುರುತು ಹಾಕು.

ನನ್ನ ಮಾತು ಕೇಳುವುದಾದರೆ, ದಿನದ ವಹಿವಾಟು ನಿಲ್ಲಿಸು. ಲಕ್ಷದಲ್ಲಿ ಎಂಬತ್ತು ಸಾವಿರವನ್ನು ಕಂತಿನಲ್ಲಿ ಇಂಡೆಕ್ಸ್ ಫಂಡಿಗೆ ಹಾಕು. ಕಲಿಯುವ ಆಸೆ ನಿನಗಿದೆ, ಅದನ್ನು ಚಿವುಟಲು ನನಗೆ ಇಷ್ಟವಿಲ್ಲ. ಉಳಿದ ಇಪ್ಪತ್ತು ಸಾವಿರದಲ್ಲಿ ಸ್ವಿಂಗ್ ಮಾಡು, ಡೆಲಿವರಿಗೆ ಬ್ರೋಕರೇಜ್ ಇಲ್ಲದ ಖಾತೆಯಲ್ಲಿ. ಇಲ್ಲದಿದ್ದರೆ ಅಷ್ಟು ಸಣ್ಣ ಮೊತ್ತಕ್ಕೆ ಡಿಪಿ ಚಾರ್ಜೂ ಬ್ರೋಕರೇಜೂ ಸೇರಿ ಬಲು ಭಾರವಾಗುತ್ತದೆ. ಕೊಳ್ಳುವ ಮೊದಲೇ ಯಾಕೆ ಕೊಂಡೆ, ಎಲ್ಲಿ ಹೊರಬರುತ್ತೇನೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆ. ವರ್ಷದ ಕೊನೆಗೆ ಖರ್ಚು, ತೆರಿಗೆ ಎಲ್ಲ ಕಳೆದು ಆ ಇಪ್ಪತ್ತು ಸಾವಿರ ಇಂಡೆಕ್ಸ್‌ಗಿಂತ ಮುಂದಿದ್ದರೆ ಇನ್ನಷ್ಟು ಹಾಕುವ ಮಾತಾಡೋಣ.

ಅಪ್ಪನಿಗೆ ಇದನ್ನೆಲ್ಲ ನೀನೇ ಹೇಳು, ನನ್ನಿಂದ ಗೊತ್ತಾಗುವುದು ಬೇಡ. ಈ ತಿಂಗಳ ಕಾಂಟ್ರ್ಯಾಕ್ಟ್ ನೋಟ್‌ಗಳನ್ನು ನನಗೆ ಕಳಿಸು. ಶನಿವಾರ ರಾತ್ರಿ ಫೋನ್ ಮಾಡುತ್ತೇನೆ, ಒಂದೊಂದಾಗಿ ತೆಗೆದು ನೋಡೋಣ.

ನಿನ್ನ
ಚಿಕ್ಕಮ್ಮ