ಸಹಿಗೆ ಮುಂಚೆ ತಿಗಣೆ

ಬಹಳ ದಿನ ಖಾಲಿ ಇದ್ದ ಮನೆಯಲ್ಲಿ ತಿಗಣೆ ಇರುವುದಿಲ್ಲ ಎಂದು ನಂಬಬೇಡಿ. ರಕ್ತ ಸಿಗದಿದ್ದರೂ ಅದು ತಿಂಗಳುಗಟ್ಟಲೆ ಬದುಕಿರುತ್ತದೆ. ಅದಕ್ಕೇ, ಮಗ ಬೆಂಗಳೂರಿನಲ್ಲಿ ಬಾಡಿಗೆಗೆ ಫ್ಲ್ಯಾಟ್ ಗೊತ್ತು ಮಾಡಿದಾಗ, ಅಡ್ವಾನ್ಸ್ ಕೊಡುವ ಮೊದಲು ನಾನೂ ಮೊಮ್ಮಗಳೂ ಹೋಗಿ ನೋಡಿದೆವು. ಜೊತೆಗೆ ಒಂದು ಟಾರ್ಚು, ಅವಧಿ ಮುಗಿದ ಎಟಿಎಂ ಕಾರ್ಡು, ಒದ್ದೆ ಹತ್ತಿ.

ಗೋಡೆಗೆ ಹೊಸ ಬಣ್ಣ ಹೊಡೆದಿತ್ತು. ಬಣ್ಣ ನೋಡಿ ಏನೂ ತಿಳಿಯುವುದಿಲ್ಲ. ನೇರವಾಗಿ ಮಾಲೀಕರು ಬಿಟ್ಟಿದ್ದ ಮರದ ಮಂಚದ ಹತ್ತಿರ ಹೋದೆವು. ಹಗಲಿನಲ್ಲಿ ತಿಗಣೆ ಅಡಗುವುದು ಜನ ಮಲಗುವ ಜಾಗದ ಪಕ್ಕದ ಸಂದಿಗಳಲ್ಲಿ: ಮಂಚದ ಕೂಡುಗಳು, ಮೊಳೆಯ ತೂತು, ತಲೆಯ ಕಡೆಯ ಹಲಗೆಯ ಹಿಂಬದಿ. ಸಂದಿಯಲ್ಲಿ ಕಾರ್ಡು ಎಳೆದೆ. ತೆಳ್ಳನೆಯ ಕಂದು ಪೊರೆಗಳು ಉದುರಿದವು. ತಿಗಣೆ ಬೆಳೆಯುತ್ತಾ ಕಳಚಿದ ಚರ್ಮ ಅದು.

“ತಾತಾ, ಇಲ್ಲಿ ಇಂಕು ಚೆಲ್ಲಿದೆ” ಎಂದಳು ಮೊಮ್ಮಗಳು. ಕಪ್ಪು ಚುಕ್ಕಿಗಳು. ಒದ್ದೆ ಹತ್ತಿ ಒತ್ತಿದಾಗ ತುಕ್ಕಿನ ಬಣ್ಣ ಹರಡಿತು. ಇಂಕಲ್ಲ, ತಿಗಣೆಯ ಹಿಕ್ಕೆ, ಜೀರ್ಣವಾದ ರಕ್ತ. ಅವಳು ಕೈ ತೊಳೆಯಲು ಓಡಿದಳು!

“ಇವೆಲ್ಲ ಹಳೆಯ ಗುರುತು ಸಾರ್” ಎಂದರು ಮಾಲೀಕರು. ಇರಬಹುದು. ಪೊರೆ, ಚುಕ್ಕಿ ನೋಡಿ ಈಗಲೂ ತಿಗಣೆ ಇದೆ ಎನ್ನಲಾಗದು, ಇಲ್ಲ ಎನ್ನಲೂ ಆಗದು. ಮಂಚ ತೆಗೆಸಿ, ಅವರ ಖರ್ಚಿನಲ್ಲೇ ಎರಡು ಸಲ ಔಷಧಿ ಹೊಡೆಸಲು ಕೇಳಿದೆ. ಮೊದಲ ಸಲ ಮೊಟ್ಟೆಗಳು ಸಾಯದೆ ಉಳಿಯಬಹುದು; ಸುಮಾರು ಎರಡು ವಾರದಲ್ಲಿ ಅವು ಒಡೆದು ಮರಿಯಾದ ಮೇಲೆ ಇನ್ನೊಮ್ಮೆ ಹೊಡೆಯಬೇಕು.

ಗೊಣಗಿಕೊಂಡೇ ಒಪ್ಪಿದರು. ಮೊದಲ ಸಲದ್ದು ಆಗಿದೆ. ಕರಾರು ಪತ್ರ ಸಹಿಯಿಲ್ಲದೆ ನನ್ನ ಬೀರುವಿನಲ್ಲಿದೆ, ಹಾಸಿಗೆಗಳು ಹಳೆಯ ಮನೆಯಲ್ಲೇ ಇವೆ.