ಚೀಲದ ದರ ಬೇರೆ, ಡಬ್ಬಿಯ ದರ ಬೇರೆ

ನಮ್ಮ ಕೊಣ್ಣೂರಿನ ಮನೆಯಿಂದ ದಿನಾ ಮಧ್ಯಾಹ್ನ ಇಪ್ಪತ್ತು ಊಟದ ಡಬ್ಬಿ ಹೋಗುತ್ತವೆ. ಎರಡು ಜೋಳದ ರೊಟ್ಟಿ, ಒಂದು ಕಾಳುಪಲ್ಯ, ಒಂದು ಕಾಯಿಪಲ್ಯ, ಅನ್ನ-ಸಾರು, ಶೇಂಗಾ ಚಟ್ನಿ, ಒಂದಿಷ್ಟು ಮೊಸರು. ಡಬ್ಬಿಗೆ 60 ರೂಪಾಯಿ. ಹೋದ ತಿಂಗಳು ಒಂದು ಕಚೇರಿಯವರು, "ಇನ್ನೂ ಹದಿನೈದು ಡಬ್ಬಿ ತಗೋತೀವಿ, 45ಕ್ಕ ಕೊಡ್ರಿ" ಅಂದರು. ಹೂಂ ಅನ್ನುವ ಮೊದಲು ಒಂದು ಡಬ್ಬಿಗೆ ನಿಜವಾಗಿ ಎಷ್ಟು ಬೀಳುತ್ತದೆ ಅಂತ ವಹಿ ಹಿಡಿದು ಕೂತೆ.

ಮೊದಲು ರೊಟ್ಟಿ. ಗೋಕಾಕ ಪ್ಯಾಟಿಯಿಂದ 50 ಕೆ.ಜಿ. ಬಿಳಿಜೋಳದ ಚೀಲ ತಂದಾಗ ದರ 2,000 ರೂಪಾಯಿ ಇತ್ತು. ಅಂದರೆ ಕೆ.ಜಿ.ಗೆ 40. ಆದರೆ ರೊಟ್ಟಿ ಬಡಿಯುವುದು ಚೀಲದಿಂದ ಅಲ್ಲ, ಹಿಟ್ಟಿನಿಂದ. ಹಮಾಲಿ, ಗಾಡಿ ಬಾಡಿಗೆ 60 ರೂಪಾಯಿ, ಗಿರಣಿಗೆ ಸುಮಾರು 240. ಹಸನ ಮಾಡುವಾಗ ಹಳ್ಳು, ಹೊಟ್ಟು, ಗಿರಣಿಯಲ್ಲಿ ಉಳಿಯುವ ಹಿಟ್ಟು ಎಲ್ಲ ಸೇರಿ 2 ಕೆ.ಜಿ. ಹೋಯಿತು. ಕೈಗೆ ಬಂದದ್ದು 48 ಕೆ.ಜಿ. ಹಿಟ್ಟು, ಖರ್ಚು 2,300.

"ಅಕ್ಕಾ, ನಲವತ್ತರ ಜ್ವಾಳ ಹಿಟ್ಟಾಗೂದ್ರೊಳಗ ನಲವತ್ತೆಂಟ ಆತಲ್ಲ!" ಅಂದಳು ನನ್ನ ನೆಗೆಣ್ಣಿ. ಹೌದು. ಮೇಲೆ ಉದುರಿಸಿಕೊಳ್ಳುವ ಹಿಟ್ಟೂ ಸೇರಿ ನಮ್ಮಲ್ಲಿ ಒಂದು ಕೆ.ಜಿ.ಗೆ 12 ರೊಟ್ಟಿ ಆಗುತ್ತವೆ. ಹಾಗಾದರೆ ರೊಟ್ಟಿಗೆ 4, ಡಬ್ಬಿಗೆ 8 ರೂಪಾಯಿ. ನೀವು ಮಾಡುವ ರೊಟ್ಟಿ ದಪ್ಪ ಇದ್ದರೆ ಲೆಕ್ಕ ಬೇರೆ. ಒಂದು ಕೆ.ಜಿ. ಹಿಟ್ಟು ತೂಗಿಟ್ಟು, ಬಡಿದು, ಎಣಿಸಿಯೇ ನೋಡಬೇಕು.

ಜೋಳವನ್ನು ಚೀಲಗಟ್ಟಲೆ ತಂದರೂ ಎಂಟು ದಿನಕ್ಕೆ ಸಾಕಾಗುವಷ್ಟೇ ಬೀಸಿಸುತ್ತೇನೆ. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ. ಕುದಿಯುವ ಎಸರು ಹಾಕಿ ನಾದಿದರೂ ಬಡಿಯುವಾಗ ಅಂಚು ಬಿರಿಯುತ್ತದೆ. ಆಮೇಲೆ ಅದರಲ್ಲಿ ಕಹಿ ಬರುತ್ತದೆ. ಒಂದು ಡಬ್ಬ ಹಿಟ್ಟು ಚೆಲ್ಲಿದರೆ ಚೀಲದಲ್ಲಿ ಉಳಿಸಿದ ದುಡ್ಡು ಅಲ್ಲೇ ಹೋಯಿತು.

ಕಾಳಿನ ಲೆಕ್ಕ ಇದಕ್ಕೆ ಉಲ್ಟಾ. ಜೋಳ ಕಡಿಮೆಯಾಗುತ್ತದೆ, ಮಡಕಿಕಾಳು ಉಬ್ಬುತ್ತದೆ. ನೆನೆಸಿ, ಮೊಳಕೆ ಬರಿಸಿ, ಬೇಯಿಸಿದ ಮೇಲೆ ಒಂದು ಕೆ.ಜಿ. ನಮ್ಮಲ್ಲಿ ಎರಡೂವರೆ ಕೆ.ಜಿ. ಆಗುತ್ತದೆ. ಡಬ್ಬಿಗೆ 100 ಗ್ರಾಂ ಪಲ್ಯ ಹಾಕಿದರೆ ಒಣ ಕಾಳು 40 ಗ್ರಾಂ ಮಾತ್ರ. ಕೆ.ಜಿ.ಗೆ 100 ರೂಪಾಯಿಯಂತೆ 4 ರೂಪಾಯಿ. ಎಣ್ಣೆ, ಉಳ್ಳಾಗಡ್ಡಿ, ಮಸಾಲಿಗೆ 3 ಸೇರಿಸಿದರೆ 7.

ಎಣ್ಣೆ ತರುವಾಗ ಒಂದು ಮಾತು ನೆನಪಿರಲಿ. ದೊಡ್ಡ ಡಬ್ಬ 15 ಕೆ.ಜಿ., ಪ್ಯಾಕೆಟ್ ಒಂದು ಲೀಟರ್. ಡಬ್ಬಕ್ಕೆ 2,250 ಅಂದರೆ ಕೆ.ಜಿ.ಗೆ 150. ಪ್ಯಾಕೆಟ್ 140ಕ್ಕೆ ಸಿಗುತ್ತದೆ, ಅದೇ ಸೋವಿ ಅನ್ನಿಸುತ್ತದೆ. ಆದರೆ ಒಂದು ಲೀಟರ್ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಆ ಲೆಕ್ಕದಲ್ಲಿ ಪ್ಯಾಕೆಟ್ಟಿನ ಎಣ್ಣೆ ಕೆ.ಜಿ.ಗೆ 154 ಬೀಳುತ್ತದೆ. 15 ಲೀಟರಿನ ಡಬ್ಬಗಳೂ ಇರುತ್ತವೆ. ಅದರಲ್ಲಿ ಹದಿನಾಲ್ಕು ಕೆ.ಜಿ.ಯೂ ತುಂಬಿರುವುದಿಲ್ಲ. ಡಬ್ಬದ ಮೇಲೆ ಬರೆದದ್ದನ್ನು ಓದಿಯೇ ದರ ಹೋಲಿಸಬೇಕು.

ಹೀಗೇ ಕಾಯಿಪಲ್ಯಕ್ಕೆ 6, ಅನ್ನ-ಸಾರಿಗೆ 7, ಚಟ್ನಿ-ಮೊಸರಿಗೆ 4 ಬಂತು. ಒಟ್ಟು ಸಾಮಾನಿನ ಖರ್ಚು 32. ಮಾರಾಟದ ಅಡುಗೆಗೆ ಬಳಸಬೇಕಾದ 19 ಕೆ.ಜಿ. ಸಿಲಿಂಡರ್ 1,800ಕ್ಕೆ ಬಂತು. ಹಚ್ಚಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆ, 18 ದಿನ ಬಂತು. ಅಂದರೆ 360 ಡಬ್ಬಿ, ಒಂದಕ್ಕೆ 5 ರೂಪಾಯಿ. ನೆಗೆಣ್ಣಿಗೆ ದಿನಕ್ಕೆ 200 ಕೊಡುತ್ತೇನೆ, ಅದು ಡಬ್ಬಿಗೆ 10. ಮುಟ್ಟಿಸುವ ಪೆಟ್ರೋಲಿಗೆ 2. ಎಲ್ಲ ಕೂಡಿ 49. ನನಗೆ ಉಳಿಯುವುದು ಡಬ್ಬಿಗೆ 11, ದಿನಕ್ಕೆ 220.

ಈಗ ಆ ಹದಿನೈದು ಡಬ್ಬಿ. 49 ಬೀಳುವುದನ್ನು 45ಕ್ಕೆ ಕೊಟ್ಟರೆ ಲುಕ್ಸಾನು ಅಂತ ಕೂಡಲೇ ಹೇಳಲಾಗದು. ಕಚೇರಿ ಈಗ ಹೋಗುವ ದಾರಿಯಲ್ಲೇ ಇದೆ, ಪೆಟ್ರೋಲು ಹೆಚ್ಚಾಗುವುದಿಲ್ಲ. ಹೊಸದಾಗಿ ಬೀಳುವುದು ಸಾಮಾನು, ಗ್ಯಾಸು ಸೇರಿ ಡಬ್ಬಿಗೆ 37, ಅಂದರೆ 555. ನೆಗೆಣ್ಣಿಗೆ ಇನ್ನೂ 100. ಒಟ್ಟು 655. ಬರುವುದು 675. ಮೂವತ್ತು ರೊಟ್ಟಿ ಹೆಚ್ಚು ಬಡಿದು ಉಳಿಯುವುದು 20 ರೂಪಾಯಿ! ಕಾಳಿನ ದರ ಸ್ವಲ್ಪ ಏರಿದರೆ ಅದೂ ಇಲ್ಲ.

"ಅನ್ನ-ಸಾರು ಬಿಟ್ಟು ಕೊಟ್ರ 45ಕ್ಕ ಆಗ್ತದ್ರಿ" ಅಂತ ಹೇಳಿ ಕಳಿಸಿದೆ. ಅವರು ಒಪ್ಪಿದರು. ಡಬ್ಬಿಗೆ 7 ರೂಪಾಯಿ ಕಡಿಮೆಯಾಗಿ ಈಗ ಆ ಹದಿನೈದರಿಂದ ದಿನಕ್ಕೆ 125 ಉಳಿಯುತ್ತದೆ. ಹೊಸ ಚೀಲ ಬಂದಾಗಲೊಮ್ಮೆ ಈ ಲೆಕ್ಕವನ್ನು ಮತ್ತೆ ಹಾಕುತ್ತೇನೆ.