ರಿಪೇರಿಯವನಿಗೊಂದು ಒಕ್ಕಣೆ

ಟಿ.ವಿ., ಮಿಕ್ಸಿಗಳೊಡನೆ ಗೇಮ್ ಕನ್ಸೋಲನ್ನೂ ಬಿಚ್ಚಿ ಸರಿಪಡಿಸಬಲ್ಲ ತರುಣನೊಬ್ಬ ನಮ್ಮ ಬೀದಿಯಲ್ಲೇ ಇರುವುದರಿಂದ, ಇಳಿವಯಸ್ಸಿನಲ್ಲಿ ನನಗೆ ಅಂಟಿಕೊಂಡಿರುವ ಕಾರ್ ರೇಸಿಗೆ ವಿಘ್ನವೊದಗಿದಾಗಲೆಲ್ಲ ವಾಟ್ಸಾಪಿನಲ್ಲಿ ಅವನಿಗೊಂದು ಒಕ್ಕಣೆ ಬರೆಯುವ ಸುಖವೂ ಪ್ರಾಪ್ತವಾಗುತ್ತದೆ. ‘ಕನ್ಸೋಲ್ ಕೆಟ್ಟಿದೆ, ಬಾ’ ಎಂದಷ್ಟೇ ಬರೆಯುವವರ ಅರಸಿಕತೆಗೆ ಮರುಗುತ್ತೇನೆ. ‘ಪವರ್ ಸಪ್ಲೈ ಹೋಗಿದೆ, ಹೊಸದು ತಾ’ ಎಂದು ರೋಗನಿರ್ಣಯವನ್ನೂ ತಾವೇ ಮಾಡಿಬಿಡುವ ಪಂಡಿತರನ್ನು ಕಂಡರೆ ಭಯಪಡುತ್ತೇನೆ.

ಕ್ಷೇಮಸಮಾಚಾರವನ್ನು ಎರಡೇ ಪದಗಳಲ್ಲಿ ಮುಗಿಸಿ, ಮೊನ್ನೆ ಹೀಗೆ ಬರೆದೆ:

‘ತಮ್ಮಾ, ಮೆನುವಿನಲ್ಲಿ ಎಷ್ಟು ಹೊತ್ತು ಬಿಟ್ಟರೂ ಯಂತ್ರ ಸುಮ್ಮನಿರುತ್ತದೆ, ಸಿನಿಮಾ ಹಾಕಿದರೂ ನಿರಾತಂಕವಾಗಿ ಮುಗಿಯುತ್ತದೆ. ರೇಸಿನಲ್ಲಿ ಮಾತ್ರ, ಮಳೆ ಸುರಿಯುತ್ತ ಕಾರುಗಳೆಲ್ಲ ಒಟ್ಟಿಗೆ ತಿರುವಿಗೆ ನುಗ್ಗುವ ಹೊತ್ತಿಗೆ, ಪರದೆ ತಟಕ್ಕನೆ ಕಪ್ಪಾಗಿ, ದೀಪ ಆರಿ, ಮರುಕ್ಷಣವೇ ತಾನಾಗಿ ಆನ್ ಆಗುತ್ತದೆ. ಬೆಳಗ್ಗೆ ತಣ್ಣಗಿರುವಾಗ ಹಚ್ಚಿದರೂ ಐದಾರು ನಿಮಿಷದಲ್ಲೇ ಇದೇ ಕಥೆ. ಬಿಸಿಯಾಗಿದೆಯೆಂಬ ಎಚ್ಚರಿಕೆಯಾಗಲಿ, ಎರರ್ ಕೋಡಾಗಲಿ ಬರುವುದಿಲ್ಲ; ಫ್ಯಾನ್ ಅಬ್ಬರಿಸುವುದೂ ಇಲ್ಲ. ಅದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿರುವ ಟಿ.ವಿ., ವೈಫೈ ಪೆಟ್ಟಿಗೆಗಳು ಮಿಟುಕುವುದಿಲ್ಲ. ಬೋರ್ಡನ್ನು ಬಿಟ್ಟು ಗೋಡೆಯ ಸಾಕೆಟ್ಟಿಗೇ ನೇರವಾಗಿ ಹಾಕಿ ನೋಡಿದೆ, ಹೊರಗಿನ ಹಾರ್ಡ್ ಡಿಸ್ಕನ್ನೂ ಕಿತ್ತಿಟ್ಟೆ, ಪ್ರಯೋಜನವಾಗಲಿಲ್ಲ. ವಾರಂಟಿ ಮುಗಿದಿದೆ, ಇದುವರೆಗೆ ಯಾರೂ ಬಿಚ್ಚಿಲ್ಲ.’

ಇದರಲ್ಲಿ ನನಗೆ ಪರಮಪ್ರಿಯವಾದ ವಾಕ್ಯವೆಂದರೆ ಆ ‘ಮರುಕ್ಷಣವೇ ತಾನಾಗಿ’ ಎಂಬುದು. ಕಾವೇರಿ ನಿಲ್ಲುವ ಯಂತ್ರವು ಸಾಮಾನ್ಯವಾಗಿ ಮೊದಲು ಫ್ಯಾನಿನ ಮೂಲಕ ಗೋಳಿಟ್ಟು, ಪರದೆಯ ಮೇಲೆ ಎಚ್ಚರಿಕೆಯನ್ನು ಬರೆದು, ಆಮೇಲೆ ಆರಿ, ತಣಿಯುವವರೆಗೂ ಮುನಿದುಕೊಂಡಿರುತ್ತದೆ. ಇದಾದರೋ ಸೂಚನೆಯನ್ನೇ ಕೊಡದೆ ಬಿದ್ದು, ಬಿದ್ದಷ್ಟೇ ವೇಗದಲ್ಲಿ ಏಳುತ್ತದೆ. ಮೆನುವಿಗೆ ಬೇಕಾಗುವುದಕ್ಕಿಂತ ಎರಡು ಮೂರು ಪಟ್ಟು ವಿದ್ಯುತ್ತನ್ನು ಭಾರವಾದ ಆಟವು ಎಳೆಯುವುದರಿಂದ, ಕೆಪಾಸಿಟರುಗಳು ಸವೆದ ಪವರ್ ಸಪ್ಲೈಯು ಹಗುರ ಕೆಲಸವನ್ನು ಸಲೀಸಾಗಿ ನಿರ್ವಹಿಸಿ, ಭಾರ ಬಿದ್ದಾಗ ವೋಲ್ಟೇಜನ್ನು ಹಿಡಿದಿಡಲಾರದೆ ಕೈಚೆಲ್ಲುವುದುಂಟು. ಹಾಗೆಂದು ಮದರ್‌ಬೋರ್ಡನ್ನು ನಿರ್ದೋಷಿಯೆಂದು ಘೋಷಿಸುವಂತಿಲ್ಲ. ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿದ್ದರೂ ಕೆಲವೊಮ್ಮೆ ಹೊರಗಿನ ಲಕ್ಷಣ ಇಷ್ಟೇ ಮೋಸದ್ದಾಗಿರಬಹುದು. ಆದಕಾರಣ ಸಂಶಯವನ್ನು ಮನಸ್ಸಿನಲ್ಲಿಟ್ಟುಕೊಂಡು, ಕಂಡುದನ್ನು ಮಾತ್ರ ಬರೆದೆ.

ಧೂಳಿನ ವಿಷಯ ಬರೆಯಲು ಮನಸ್ಸು ಹಿಂಜರಿಯಿತಾದರೂ, ಗಾಳಿಕಂಡಿಗಳ ಚಿತ್ರವೊಂದನ್ನು ತೆಗೆದು ಕಳುಹಿಸಿದೆ. ಉಳಿಸಿದ ಆಟಗಳನ್ನು ಪೆನ್‌ಡ್ರೈವಿಗೆ ಸೇರಿಸಿದ್ದೇನೆಂದೂ ತಿಳಿಸಿದೆ. ಇಲ್ಲವಾದರೆ ಅವನು ಕೈಹಾಕುವ ಮುನ್ನ ಅದನ್ನೇ ಕೇಳುತ್ತಾನೆ.

ಉತ್ತರ ಬರಲು ತಡವಾಗಲಿಲ್ಲ: ‘ಸಾರ್, ವೈರ್ ಸಮೇತ ತನ್ನಿ. ನನ್ನ ಹತ್ರ ಚೆನ್ನಾಗಿರೋ ಪವರ್ ಸಪ್ಲೈ ಇದೆ, ಅದನ್ನ ಹಾಕಿ ಅದೇ ಮಳೆ ರೇಸು ಓಡಿಸೋಣ. ಆಗಲೂ ಆಫ್ ಆದ್ರೆ ಬೋರ್ಡ್ ನೋಡ್ತೀನಿ. ರೇಸಿನ ಡಿಸ್ಕ್ ಮರೀಬೇಡಿ.’